ಅಂಗಳಕ್ಕೆ ಅಂಟಿಸಿದ ಟ್ರ್ಯಾಕ್ಟರ್: ಇಎಲ್‌ಎ ಮತ್ತು ನೆರಳಿನ ಗೆರೆಗಳಿಂದ ಜೋಡಣೆ ಚಿತ್ರ ಹಿಡಿಯುವ ಸಮಗ್ರ ಮಾರ್ಗದರ್ಶಿ

ಕಬ್ಬಿನ ಹಂಗಾಮು ಬಂತೆಂದರೆ ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ಹಳೆಯ ಟ್ರ್ಯಾಕ್ಟರ್‌ಗೆ ಗಿರಾಕಿ ಹೆಚ್ಚು. ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ, ಜೊತೆಗೆ ನಾಲ್ಕು ಮಾತು: "ಗಾಡಿ ನಮ್ಮ ಅಂಗಳದಾಗ ಐತ್ರಿ. ನಿನ್ನಿ ಸಂಜಿ ಐದಕ್ಕ ತಗದ ಫೋಟೋ. ಸಂಚಕಾರ ಹಾಕಿದ್ರ ಬ್ಯಾರೆಯವ್ರಿಗೆ ಕೊಡಂಗಿಲ್ರಿ." ಅಂಗಳ ನಿಜವಿರಬಹುದು, ಟ್ರ್ಯಾಕ್ಟರ್ ಕೂಡ ಎಲ್ಲೋ ಒಂದು ಕಡೆ ನಿಜವಿರಬಹುದು. ಅವೆರಡೂ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ಇದ್ದವೇ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ಎರಡು ದಾರಿಯಿಂದ ಕೇಳಬಹುದು. ಒಂದು, ಎರರ್ ಲೆವೆಲ್ ಅನಾಲಿಸಿಸ್, ಚಿಕ್ಕದಾಗಿ ಇಎಲ್‌ಎ. ಫೈಲು ಚಿಕ್ಕದಾಗಲೆಂದು ಒತ್ತಿದಾಗ ಅದರೊಳಗೆ ಉಳಿಯುವ ಗುರುತುಗಳನ್ನು ಇದು ನೋಡುತ್ತದೆ. ಇನ್ನೊಂದು, ನೆರಳಿನ ಜ್ಯಾಮಿತಿ. ಇದು ಚಿತ್ರದೊಳಗಿನ ಸೂರ್ಯ ಎಲ್ಲಿದ್ದಾನೆಂದು ಲೆಕ್ಕ ಹಾಕುತ್ತದೆ. ಮೊದಲನೆಯದು ಸುಲಭ, ಬಣ್ಣಬಣ್ಣವಾಗಿ ಕಾಣುತ್ತದೆ, ಆದ್ದರಿಂದಲೇ ಜನ ಅದನ್ನು ಅತಿಯಾಗಿ ನಂಬುತ್ತಾರೆ. ಎರಡನೆಯದಕ್ಕೆ ಅರ್ಧ ತಾಸು ಕೂತು ಗೆರೆ ಎಳೆಯಬೇಕು. ಆದರೆ ವಾಟ್ಸಾಪ್ ಫೋಟೋವನ್ನು ಎಷ್ಟು ಹಿಂಡಿದರೂ ನೆರಳು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಇಲ್ಲಿ ಇಎಲ್‌ಎಯನ್ನು ಎಲ್ಲಿ ನೋಡಬೇಕೆಂದು ತೋರಿಸುವ ಬೆರಳಾಗಿ ಮಾತ್ರ ಬಳಸುತ್ತೇವೆ. ತೀರ್ಮಾನವನ್ನು ನೆರಳಿಗೆ ಬಿಡುತ್ತೇವೆ.

ಉದಾಹರಣೆಗೆ ಒಂದು ಚಿತ್ರವನ್ನು ಲೆಕ್ಕ ಹಾಕಿಯೇ ಕಟ್ಟಿಕೊಂಡಿದ್ದೇವೆ. ಜಮಖಂಡಿ ಸೀಮೆಯ ಒಂದು ಅಂಗಳ, ಜನವರಿ 20, ಸಂಜೆ 5 ಗಂಟೆ. ಚಿತ್ರದ ಅಳತೆ 1600×1200 ಪಿಕ್ಸೆಲ್. ಎಡಗಡೆ ದನ ಕಟ್ಟುವ ಗೂಟ, ಬೇಲಿಯ ಕಲ್ಲುಕಂಬ, ಲೈಟು ಹಾಕಿದ ಕಬ್ಬಿಣದ ಪೈಪು ಇವೆ. ಬಲಗಡೆ ಕೆಂಪು ಬಾನೆಟ್ಟಿನ ಟ್ರ್ಯಾಕ್ಟರ್. ಅದನ್ನು ಬೇರೆ ಹೊತ್ತಿನ ಫೋಟೋದಿಂದ ನೆರಳಿನ ಸಮೇತ ಕತ್ತರಿಸಿ ತಂದು ಕೂರಿಸಲಾಗಿದೆ.

ಮೊದಲ ಹೆಜ್ಜೆ: ಸರಿಯಾದ ಫೈಲು ಕೈಗೆ ಬರಲಿ

ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಸಾಮಾನ್ಯ ದರ್ಜೆಯಲ್ಲಿ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಜೆಪೆಗ್ ಮತ್ತೊಮ್ಮೆ ಒತ್ತಲ್ಪಡುತ್ತದೆ, ಕ್ಯಾಮೆರಾ ಬರೆದಿಟ್ಟ ಸಮಯ, ಮಾಡೆಲ್, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಅದೇ ಫೈಲನ್ನು ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಆದ್ದರಿಂದ ಕಳಿಸಿದವರಿಗೆ ಮೊದಲು ಕೇಳಬೇಕಾದ್ದು: "ಅಣ್ಣಾರ, ಅದನ್ನ ಡಾಕ್ಯುಮೆಂಟ್ ಮಾಡಿ ಕಳಸ್ರಿ." ಸ್ಕ್ರೀನ್‌ಶಾಟ್ ಬೇಡ, ಗ್ಯಾಲರಿಯಲ್ಲಿ ಕ್ರಾಪ್ ಮಾಡಿದ್ದೂ ಬೇಡ.

ಫೈಲಿನ ಹೆಸರು ನೋಡಿ ಮೋಸ ಹೋಗಬಾರದು. ಆಂಡ್ರಾಯ್ಡ್ ಫೋನಿನಲ್ಲಿ `IMG-20250120-WA0005.jpg` ಎಂಬಂತಹ ಹೆಸರಿನಲ್ಲಿರುವ ತಾರೀಖು ಸಂದೇಶ ಬಂದ ದಿನದ್ದು. ಫೋಟೋ ತೆಗೆದ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ಫೈಲು ಬಂದ ಕೂಡಲೇ ಅದರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂತಿರುವ ಉದ್ದ ಸಂಕೇತ, ಬರೆದಿಟ್ಟುಕೊಂಡು, ಒಂದು ಪ್ರತಿ ಮಾಡಿ, ಆ ಪ್ರತಿಯ ಮೇಲೆಯೇ ಕೆಲಸ ಮಾಡಬೇಕು. ಮುಂದೆ ಪೊಲೀಸರು, ಕೋರ್ಟು ಎಂದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಬೇಕಾಗುತ್ತದೆ. ಮೂಲ ಫೈಲನ್ನು ಎಡಿಟರ್‌ನಲ್ಲಿ ತೆರೆದು ಒಮ್ಮೆ ಸೇವ್ ಒತ್ತಿದರೂ ಆ ಹ್ಯಾಶ್ ಬದಲಾಗಿಬಿಡುತ್ತದೆ.

```
sha256sum photo.jpg
exiftool -a -G1 photo.jpg
identify -format "%Q %wx%h\n" photo.jpg
```

ವಿಂಡೋಸ್‌ನಲ್ಲಾದರೆ ಮೊದಲ ಸಾಲಿನ ಬದಲು `certutil -hashfile photo.jpg SHA256`. ಎರಡನೆಯ ಸಾಲು ಉಳಿದಿರುವ ಮಾಹಿತಿಯನ್ನೆಲ್ಲ ತೋರಿಸುತ್ತದೆ. `Software` ಎಂಬ ಸಾಲಿನಲ್ಲಿ ಎಡಿಟರ್‌ನ ಹೆಸರು ಸಿಕ್ಕರೆ ಗುರುತು ಮಾಡಿಕೊಳ್ಳಿ. ಆದರೆ ಬೆಳಕು ಸರಿಪಡಿಸಿ ಸೇವ್ ಮಾಡಿದರೂ ಆ ಹೆಸರು ಬರುತ್ತದೆ, ಅಷ್ಟರಿಂದಲೇ ಅಂಟಿಸಿದ್ದಾರೆ ಎನ್ನುವಂತಿಲ್ಲ. ಮೂರನೆಯದು ಇಮೇಜ್‌ಮ್ಯಾಜಿಕ್‌ನ ಆಜ್ಞೆ. ಕೊನೆಯ ಸಲ ಯಾವ ಜೆಪೆಗ್ ಗುಣಮಟ್ಟದಲ್ಲಿ ಸೇವ್ ಆಗಿದೆ ಎಂಬ ಅಂದಾಜು ಕೊಡುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 92 ಎಂದಿಟ್ಟುಕೊಳ್ಳೋಣ.

ಎರಡನೆಯ ಹೆಜ್ಜೆ: ಇಎಲ್‌ಎ

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿನ ಸೂಕ್ಷ್ಮ ವಿವರವನ್ನು ಒಂದಿಷ್ಟು ದುಂಡಗೆ ಮಾಡಿ ಎಸೆಯುತ್ತದೆ. ಮೊದಲ ಸಲ ಸೇವ್ ಮಾಡಿದಾಗ ಎಸೆಯುವುದು ಹೆಚ್ಚು. ಅದನ್ನೇ ಮತ್ತೆ ಅದೇ ಮಟ್ಟದಲ್ಲಿ ಸೇವ್ ಮಾಡಿದರೆ ಎಸೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಹಲವು ಸಲ ಒಗೆದ ಬಟ್ಟೆ ಬಣ್ಣ ಬಿಡುವುದನ್ನು ನಿಲ್ಲಿಸುತ್ತದಲ್ಲ, ಹಾಗೆ. ಅಂಗಳದ ಫೋಟೋ ನಾಲ್ಕು ಸಲ ಒಗೆದದ್ದು, ಟ್ರ್ಯಾಕ್ಟರ್ ಹೊಸದು ಎಂದಾದರೆ, ಈಗ ಮತ್ತೊಮ್ಮೆ ಒಗೆದಾಗ ಎರಡೂ ಬೇರೆ ಬೇರೆಯಾಗಿ ಬಣ್ಣ ಬಿಡುತ್ತವೆ. ಆ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುವುದೇ ಇಎಲ್‌ಎ. ನೀಲ್ ಕ್ರಾವೆಟ್ಜ್ ಇದನ್ನು 2007ರಲ್ಲಿ ಮುಂದಿಟ್ಟರು. ಫೋಟೋಫೊರೆನ್ಸಿಕ್ಸ್, ಫೊರೆನ್ಸಿಕಲಿ ಎಂಬ ತಾಣಗಳಲ್ಲಿ ಉಚಿತವಾಗಿ ಮಾಡಬಹುದು. ಖಾಸಗಿ ಫೋಟೋ ಹೊರಗೆ ಹಾಕುವುದು ಬೇಡವೆಂದರೆ ಪೈಥಾನ್‌ನ ಪಿಲ್ಲೋ ಎಂಬ ಲೈಬ್ರರಿ ಸಾಕು:

```python
from PIL import Image, ImageChops
im = Image.open("photo.jpg").convert("RGB")
im.save("resaved.jpg", quality=90)
d = ImageChops.difference(im, Image.open("resaved.jpg"))
d.point(lambda v: min(255, v * 20)).save("ela.png")
```

ಕೊನೆಯ ಸಾಲಿನ 20 ಹಿಗ್ಗಿಸುವ ಪ್ರಮಾಣ. ಚಿತ್ರ ಪೂರ್ತಿ ಕಪ್ಪಾಗಿ ಬಂದರೆ 40 ಮಾಡಿ, ಎಲ್ಲ ಕಡೆ ಬೆಳ್ಳಗೆ ಉರಿದರೆ 10ಕ್ಕೆ ಇಳಿಸಿ.

ಇನ್ನು ಓದುವ ಕೆಲಸ. ಇಲ್ಲೇ ಬಹಳ ಜನ ಎಡವುತ್ತಾರೆ. ಹೊಳೆಯುತ್ತಿದೆ ಎಂದರೆ ಅಂಟಿಸಿದ್ದು ಎಂದು ಓದುತ್ತಾರೆ. ಒಂದು ಕೂದಲೂ ಆಚೀಚೆ ಮಾಡದ ಫೋಟೋದಲ್ಲೂ ಅಂಚುಗಳು, ಎಲೆಗಳು, ಬಣವಿಯ ಹುಲ್ಲು, ನಂಬರ್ ಪ್ಲೇಟಿನ ಅಕ್ಷರಗಳು ಹೊಳೆಯುತ್ತವೆ. ಅಲ್ಲಿ ವಿವರ ಹೆಚ್ಚು, ದುಂಡಗೆ ಮಾಡುವಾಗ ತಪ್ಪೂ ಹೆಚ್ಚು. ಸುಣ್ಣದ ಗೋಡೆ, ಬರಿಯ ಆಕಾಶ ಸಾಮಾನ್ಯವಾಗಿ ಕಪ್ಪಗೆ ಇರುತ್ತವೆ. ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಗಾಢ ಕೆಂಪು ಮತ್ತು ನೀಲಿ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಒರಟಾಗಿ, ಅರ್ಧ ಉದ್ದ ಅರ್ಧ ಅಗಲಕ್ಕೆ ಇಳಿಸಿ ಇಡುತ್ತದೆ. ಹಾಗಾಗಿ ಕೆಂಪು ಬಾನೆಟ್ ಯಾವ ನಿಜವಾದ ಫೋಟೋದಲ್ಲೂ ಇಎಲ್‌ಎಯಲ್ಲಿ ಕೆಂಡದಂತೆ ಕಾಣುವ ಸಾಧ್ಯತೆ ಇದೆ. ನಮ್ಮ ಕಡೆ ಓಡಾಡುವ ಟ್ರ್ಯಾಕ್ಟರ್‌ಗಳಲ್ಲಿ ಕೆಂಪು, ನೀಲಿಯೇ ಜಾಸ್ತಿ ಎಂಬುದನ್ನು ನೆನಪಿಡಿ. ಇಎಲ್‌ಎ ಅವನ್ನೆಲ್ಲ ಕಳ್ಳ ಎಂದೇ ತೋರಿಸೀತು.

ಇದಕ್ಕೆ ಪರಿಹಾರ ಸರಿಜೋಡಿ ಹೋಲಿಕೆ. ಟೈರಿನ ಅಂಚನ್ನು ಬೇವಿನ ಬೊಡ್ಡೆಯ ಅಂಚಿನ ಜೊತೆ ನೋಡಿ, ಸಪಾಟಾದ ಮಡ್‌ಗಾರ್ಡನ್ನು ಸಪಾಟಾದ ಗೋಡೆಯ ಜೊತೆ ನೋಡಿ. ಕೆಂಪು ಬಾನೆಟ್ಟಿಗೆ ಅದೇ ಚಿತ್ರದಲ್ಲಿರುವ ಇನ್ನೊಂದು ಕೆಂಪು ವಸ್ತು ಬೇಕು: ಗ್ಯಾಸ್ ಸಿಲಿಂಡರ್, ಪ್ಲಾಸ್ಟಿಕ್ ಕೊಡ, ಒಣಹಾಕಿದ ಸೀರೆ. ಅವೆರಡೂ ಒಂದೇ ಹದದಲ್ಲಿ ಹೊಳೆದರೆ ಬಾನೆಟ್ಟಿನ ಹೊಳಪಿಗೆ ಬೆಲೆಯಿಲ್ಲ. ಕೊಡ ಮಂಕಾಗಿ, ಬಾನೆಟ್ ಉರಿಯುತ್ತಿದ್ದರೆ ಒಂದು ಗುರುತು ಹಾಕಿಕೊಳ್ಳಿ. ನಮ್ಮ ಚಿತ್ರದಲ್ಲಿ ಬೇರೆ ಕೆಂಪು ವಸ್ತು ಏನೂ ಇಲ್ಲ ಎಂದಾದರೆ ಬಾನೆಟ್ಟನ್ನು ಪಕ್ಕಕ್ಕಿಟ್ಟು, ಕಪ್ಪು ಟೈರನ್ನೂ ಟ್ರ್ಯಾಕ್ಟರ್ ಕೆಳಗಿನ ಮಣ್ಣನ್ನೂ ಮಾತ್ರ ನೋಡಬೇಕು. ಆ ಮಣ್ಣು ಮುಖ್ಯ. ನೆರಳಿನ ಸಮೇತ ಕತ್ತರಿಸಿದವರು ಅಂಚನ್ನು ಮೃದು ಬ್ರಷ್‌ನಿಂದ ಸವರಿರುತ್ತಾರೆ. ಸವರಿದ ಕಡೆ ಮಣ್ಣಿನ ಕಣಕಣ ಹೋಗಿ, ಇಎಲ್‌ಎಯಲ್ಲಿ ನುಣುಪಾದ ಕಪ್ಪು ಪಟ್ಟಿಯಾಗಿ ಕಾಣಬಹುದು. ಕಲ್ಲುಕಂಬದ ನಿಜವಾದ ನೆರಳಿನಲ್ಲಿ ಕಣಕಣ ಸಣ್ಣಗಾದರೂ ಉಳಿದಿರುತ್ತದೆ.

ಅಂಟಿಸಿದ್ದು ಯಾವಾಗಲೂ ಹೆಚ್ಚು ಹೊಳೆಯುತ್ತದೆ ಎಂಬುದೂ ಸುಳ್ಳು. ಟ್ರ್ಯಾಕ್ಟರ್ ಚಿತ್ರವನ್ನು ಯಾವುದೋ ಜಾಹೀರಾತಿನಿಂದ ಇಳಿಸಿಕೊಂಡಿದ್ದರೆ ಅದು ಆಗಲೇ 70ರಲ್ಲಿ ಒತ್ತಲ್ಪಟ್ಟಿರಬಹುದು. ಆಗ ಅದು ಅಂಗಳಕ್ಕಿಂತ ಕಪ್ಪಗೆ ಕಾಣುತ್ತದೆ. ಇದನ್ನು ಹಿಡಿಯಲು ಮೇಲಿನ ಕೋಡಿನಲ್ಲಿ `quality` ಅನ್ನು 60ರಿಂದ 95ರವರೆಗೆ 5ರ ಅಂತರದಲ್ಲಿ ಬದಲಿಸುತ್ತ ಎಂಟು ಚಿತ್ರ ತೆಗೆದು ಸಾಲಾಗಿ ಇಡಿ. ಒಂದು ನಿರ್ದಿಷ್ಟ ಮಟ್ಟದಲ್ಲಿ, ಉದಾಹರಣೆಗೆ 70ರಲ್ಲಿ, ಟ್ರ್ಯಾಕ್ಟರ್ ಆಕಾರ ಮಾತ್ರ ಕಪ್ಪಾಗಿ ಇಳಿದು ಸುತ್ತಲಿನ ಅಂಗಳ ಹೊಳೆಯುತ್ತಿದ್ದರೆ, ಆ ತುಂಡು ಹಿಂದೆ 70ರಲ್ಲಿ ಸೇವ್ ಆಗಿತ್ತು ಎಂದರ್ಥ. ಹ್ಯಾನಿ ಫರೀದ್ 2009ರಲ್ಲಿ ವಿವರಿಸಿದ ಈ ವಿಧಾನ ಒಂಟಿ ಇಎಲ್‌ಎಗಿಂತ ಗಟ್ಟಿ. ತೊಡಕೆಂದರೆ, ಅಂಟಿಸುವಾಗ ತುಂಡನ್ನು ಹಿಗ್ಗಿಸಿದ್ದರೆ, ಕುಗ್ಗಿಸಿದ್ದರೆ, ಅಥವಾ ಹಳೆಯ 8×8 ಚೌಕಗಳು ಹೊಸ ಚೌಕಗಳ ಮೇಲೆ ಸರಿಯಾಗಿ ಕೂರದಿದ್ದರೆ ಈ ಕಪ್ಪು ಆಕಾರ ಕಾಣುವುದಿಲ್ಲ.

ವಾಟ್ಸಾಪ್ ಏನು ಮಾಡುತ್ತದೆಂದು ಒಮ್ಮೆ ಕಣ್ಣಾರೆ ನೋಡಿಬಿಡುವುದು ಒಳ್ಳೆಯದು. ನಿಮ್ಮದೇ ಫೋಟೋಕ್ಕೆ ಬೇರೆ ಫೋಟೋದ ಒಂದು ತುಂಡು ಅಂಟಿಸಿ 92ರಲ್ಲಿ ಸೇವ್ ಮಾಡಿ ಇಎಲ್‌ಎ ತೆಗೆಯಿರಿ. ಅದನ್ನೇ ಮನೆಯವರ ಫೋನಿಗೆ ಫೋಟೋ ಎಂದು ಕಳಿಸಿ, ಬಂದದ್ದರ ಇಎಲ್‌ಎ ತೆಗೆಯಿರಿ. ಅಳತೆ ಬದಲಾಗಿ ಇಡೀ ಚಿತ್ರ ಹೊಸದಾಗಿ ಒತ್ತಲ್ಪಟ್ಟಿರುವುದರಿಂದ ಮೊದಲ ಸಲ ಕಂಡ ಗಡಿ ಎರಡನೆಯ ಸಲ ಬಹುಮಟ್ಟಿಗೆ ಕರಗಿಹೋಗಿರುತ್ತದೆ. ಫಾರ್ವರ್ಡ್ ಆಗಿ ಬಂದ ಫೋಟೋದ ಇಎಲ್‌ಎ ಸ್ವಚ್ಛವಾಗಿದೆ ಎಂದು ಯಾರಾದರೂ ಭರವಸೆ ಕೊಟ್ಟರೆ, ಅವರು ಏನನ್ನೂ ಪರೀಕ್ಷಿಸಿಲ್ಲವೆಂದೇ ತಿಳಿಯಿರಿ.

ಮೂರನೆಯ ಹೆಜ್ಜೆ: ನೆರಳಿನ ಗೆರೆ ಎಳೆಯುವುದು

ಬಹಳ ಜನ ನೆರಳುಗಳೆಲ್ಲ ಒಂದೇ ದಿಕ್ಕಿಗಿವೆಯೇ ಎಂದು ಕಣ್ಣಳತೆಯಲ್ಲಿ ನೋಡುತ್ತಾರೆ. ಅದು ನಂಬುವ ಅಳತೆಯಲ್ಲ. ನೆಲದ ಮೇಲೆ ಸಮಾನಾಂತರವಾಗಿರುವ ನೆರಳುಗಳು ಫೋಟೋದಲ್ಲಿ ರೈಲು ಹಳಿಗಳ ಹಾಗೆ ಕೂಡಿಕೊಳ್ಳುತ್ತವೆ ಇಲ್ಲವೇ ಬಿಚ್ಚಿಕೊಳ್ಳುತ್ತವೆ. ಕಟ್ಟೆ, ತಿಪ್ಪೆ, ನೇಗಿಲ ಸಾಲಿನ ಮೇಲೆ ಬಿದ್ದರೆ ಬಾಗುತ್ತವೆ. ಆ ಅಳತೆಯಲ್ಲಿ ಎಷ್ಟೋ ನಿಜವಾದ ಫೋಟೋ ಸುಳ್ಳಾಗುತ್ತವೆ.

ಸರಿಯಾದ ಗೆರೆ ಬೇರೆ. ವಸ್ತುವಿನ ಒಂದು ಚೂಪು ಬಿಂದು, ಆ ಬಿಂದುವಿನ ನೆರಳು, ಸೂರ್ಯ, ಈ ಮೂರೂ ಒಂದೇ ಕಿರಣದ ಮೇಲಿವೆ. ಕಿರಣ ನೇರ, ನೇರ ಗೆರೆ ಫೋಟೋದಲ್ಲೂ ನೇರ. ಆದ್ದರಿಂದ ಫೋಟೋದಲ್ಲಿ ನೆರಳಿನ ಬಿಂದುವಿನಿಂದ ವಸ್ತುವಿನ ಬಿಂದುವಿಗೆ ಗೆರೆ ಎಳೆದು ಮುಂದಕ್ಕೆ ಬಿಟ್ಟರೆ ಅದು ಸೂರ್ಯನ ಚಿತ್ರದ ಮೂಲಕ ಹಾಯಲೇಬೇಕು, ಸೂರ್ಯ ಚೌಕಟ್ಟಿನ ಹೊರಗಿದ್ದರೂ ಸರಿ. ನೆಲ ತಗ್ಗುದಿಣ್ಣೆಯಿರಲಿ, ಕ್ಯಾಮೆರಾ ಓರೆಯಾಗಿರಲಿ, ಫೋಟೋ ಕ್ರಾಪ್ ಆಗಿರಲಿ, ಈ ನಿಯಮ ಕೆಡುವುದಿಲ್ಲ. ಸೂರ್ಯ ಒಬ್ಬನೇ ಇರುವುದರಿಂದ ಎಲ್ಲ ಗೆರೆಗಳೂ ಒಂದೇ ಕಡೆ ಕೂಡಬೇಕು.

ಗೆರೆಗಳಿಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಅನುಕೂಲ, ಏಕೆಂದರೆ ಅಲ್ಲಿ ಚಿತ್ರದ ಹೊರಗೂ ಎಷ್ಟು ದೂರ ಬೇಕಾದರೂ ಗೆರೆ ಎಳೆಯಬಹುದು. ಚಿತ್ರವನ್ನು ತಂದು ಕೂರಿಸಿ, ಹಿಗ್ಗಿಸಿ ನೋಡಿ, ತಪ್ಪಿಲ್ಲದೆ ಗುರುತಿಸಬಲ್ಲ ಜೋಡಿಗಳನ್ನು ಮಾತ್ರ ಆರಿಸಿ. ಗೂಟದ ತುದಿ ಒಳ್ಳೆಯದು. ಅದರ ನೆರಳಿನ ತುದಿ ಯಾವುದೆಂದು ಅನುಮಾನವಿಲ್ಲ. ಬಣವಿ ಕೆಟ್ಟದ್ದು, ಅದರ ಯಾವ ಭಾಗ ನೆರಳಿನ ಯಾವ ಭಾಗವನ್ನು ಬೀಳಿಸಿತೆಂದು ಹೇಳಲಾಗದು. ಟ್ರ್ಯಾಕ್ಟರ್‌ನಲ್ಲಿ ಸೈಲೆನ್ಸರ್ ತುದಿಯಷ್ಟು ಒಳ್ಳೆಯ ಬಿಂದು ಇನ್ನೊಂದಿಲ್ಲ. ಸ್ಟೇರಿಂಗ್ ದುಂಡಗಿರುವುದರಿಂದ ಬಿಟ್ಟುಬಿಡಿ.

ಮೇಲಿನ ಎಡಮೂಲೆಯನ್ನು (0, 0) ಎಂದಿಟ್ಟು, ಮೊದಲ ಅಂಕಿ ಬಲಕ್ಕೆ, ಎರಡನೆಯದು ಕೆಳಕ್ಕೆ ಎಣಿಸಿದರೆ ಅಂಗಳದ ಮೂರು ಜೋಡಿಗಳು ಹೀಗಿವೆ:

- ಗೂಟ: ತುದಿ (200, 816), ನೆರಳಿನ ತುದಿ (354, 1132)
- ಕಲ್ಲುಕಂಬ: ತುದಿ (400, 600), ನೆರಳಿನ ತುದಿ (665, 826)
- ಕಬ್ಬಿಣದ ಪೈಪು: ತುದಿ (286, 523), ನೆರಳಿನ ತುದಿ (635, 839)

ಮೂರೂ ಗೆರೆಗಳನ್ನು ಮೇಲಕ್ಕೆ ಎಡಕ್ಕೆ ಬಿಟ್ಟರೆ, ಚೌಕಟ್ಟಿನ ಎಡ ಅಂಚಿನಿಂದ ಸ್ವಲ್ಪ ಹೊರಗೆ, ಸುಮಾರು (−121, 155)ರಲ್ಲಿ ಕೂಡುತ್ತವೆ. ಅಂಗಳದ ಸೂರ್ಯ ಅಲ್ಲಿದ್ದಾನೆ. ಗೂಟದ ಗೆರೆ ಕಡಿದಾಗಿದೆ, ಉಳಿದೆರಡು ಓರೆಯಾಗಿವೆ. ಹೀಗೆ ಬೇರೆ ಬೇರೆ ಇಳಿಜಾರಿನ ಗೆರೆಗಳಿದ್ದರೇನೇ ಕೂಡುವ ಬಿಂದು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೇ ಜೋಡಿಗಳನ್ನು ಒಂದರ ಪಕ್ಕ ಒಂದು ಆರಿಸದೆ, ಒಂದನ್ನು ಹತ್ತಿರ, ಒಂದನ್ನು ದೂರ ಆರಿಸಬೇಕು.

ಈಗ ಟ್ರ್ಯಾಕ್ಟರ್. ಸೈಲೆನ್ಸರ್ ತುದಿ (1000, 507), ಅದರ ನೆರಳು (1180, 880). ಬಾನೆಟ್ಟಿನ ಮುಂದಿನ ಮೂಲೆ (1191, 614), ಅದರ ನೆರಳು (1341, 858). ಈ ಎರಡು ಗೆರೆಗಳು ಮೇಲಕ್ಕೆ ಎಡಕ್ಕೆ ಹೋಗಿ ಸುಮಾರು (540, −440)ರಲ್ಲಿ, ಅಂದರೆ ಚೌಕಟ್ಟಿನ ಮೇಲೆ ಎಲ್ಲೋ ಕೂಡುತ್ತವೆ. ಟ್ರ್ಯಾಕ್ಟರ್‌ಗೆ ಬೇರೆ ಸೂರ್ಯ ಇದ್ದ ಹಾಗಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಟ್ರ್ಯಾಕ್ಟರ್‌ನ ಎರಡು ಗೆರೆಗಳ ನಡುವಿನ ಕೋನ ಆರು ಡಿಗ್ರಿಯೂ ಇಲ್ಲ. ಬಿಂದು ಗುರುತಿಸುವಾಗ ಕೈ 5 ಪಿಕ್ಸೆಲ್ ಆಚೀಚೆಯಾದರೆ ಗೆರೆಯ ದೂರದ ತುದಿ 15-20 ಪಿಕ್ಸೆಲ್ ಸರಿಯುತ್ತದೆ. ಅಷ್ಟಾದರೆ ಇಂಥ ಕಿರಿದಾದ ಕೋನದಲ್ಲಿ ಕೂಡುವ ಬಿಂದು ಗೆರೆಯುದ್ದಕ್ಕೂ 200 ಪಿಕ್ಸೆಲ್ ಜಾರಬಹುದು. ಆದ್ದರಿಂದ (540, −440) ಎಂಬ ಅಂಕಿಯ ಮೇಲೆ ವಾದ ಕಟ್ಟಬಾರದು. ಕೇಳಬೇಕಾದ ಪ್ರಶ್ನೆ ಬೇರೆ: ಟ್ರ್ಯಾಕ್ಟರ್‌ನ ಪ್ರತಿಯೊಂದು ಗೆರೆ ಅಂಗಳದ ಸೂರ್ಯನಿಂದ ಎಷ್ಟು ದೂರ ಹಾಯುತ್ತದೆ? ಸೈಲೆನ್ಸರ್ ಗೆರೆ ಸುಮಾರು 860 ಪಿಕ್ಸೆಲ್ ದೂರ, ಬಾನೆಟ್ ಗೆರೆ ಸುಮಾರು 880. ಕೈತಪ್ಪು 20ರ ಲೆಕ್ಕದ್ದು, ವ್ಯತ್ಯಾಸ 850ಕ್ಕೂ ಮೇಲೆ. ಇದನ್ನು ಕೈತಪ್ಪಿನ ಮೇಲೆ ಹಾಕಲಾಗದು. ವ್ಯತ್ಯಾಸ 40-50 ಪಿಕ್ಸೆಲ್ ಮಾತ್ರ ಇದ್ದಿದ್ದರೆ ಫೋಟೋ ಸುಳ್ಳು ಎನ್ನುವ ಧೈರ್ಯ ಮಾಡಬಾರದಿತ್ತು.

ಚೂಪು ಬಿಂದು ಸಿಗದ ಕಡೆ ಒಂದು ಗೆರೆಯ ಬದಲು ಬೆಣೆ ಎಳೆಯುತ್ತಾರೆ. ಡ್ರಮ್ಮಿನ ಅಂಚಿನ ನೆರಳಿನ ಮೇಲೆ ಒಂದು ಬಿಂದು ಹಿಡಿದು, ಅದು ಡ್ರಮ್ಮಿನ ಅಂಚಿನ ಇಲ್ಲಿಂದ ಅಲ್ಲಿಯವರೆಗೆ ಎಲ್ಲಾದರೂ ಇರಬಹುದು ಎಂದು ಎರಡು ಗಡಿಗೆರೆ ಎಳೆದರೆ, ಸೂರ್ಯ ಆ ಬೆಣೆಯ ಒಳಗಿರಬೇಕು. ಹಲವು ಬೆಣೆಗಳನ್ನು ಎಳೆದ ಮೇಲೆ ಎಲ್ಲಕ್ಕೂ ಸೇರಿದ ಜಾಗ ಒಂದು ಚೂರಾದರೂ ಉಳಿದರೆ ನೆರಳುಗಳಲ್ಲಿ ತಪ್ಪು ಸಿಕ್ಕಿಲ್ಲ. ಏನೂ ಉಳಿಯದಿದ್ದರೆ ಜೋಡಣೆ. ಕೀ, ಓಬ್ರಿಯನ್, ಫರೀದ್ 2013ರಲ್ಲಿ ಪ್ರಕಟಿಸಿದ ವಿಧಾನ ಇದು. ಗಮನಿಸಿ, ಇದು ಸುಳ್ಳನ್ನು ಹಿಡಿಯುತ್ತದೆಯೇ ಹೊರತು ಫೋಟೋ ನಿಜವೆಂದು ಪ್ರಮಾಣ ಮಾಡುವುದಿಲ್ಲ. ಸಂಜೆ ಐದರ ಅಂಗಳಕ್ಕೆ ಸಂಜೆ ಐದರ ಟ್ರ್ಯಾಕ್ಟರ್ ಅಂಟಿಸಿದರೆ ಗೆರೆಗಳು ಕೂಡಿಯೇ ಬಿಡಬಹುದು.

ಸೂರ್ಯ ಫೋಟೋ ತೆಗೆದವರ ಬೆನ್ನ ಹಿಂದಿದ್ದರೆ ಗೆರೆಗಳು ಮೇಲೆ ಕೂಡುವುದಿಲ್ಲ. ಆಗ ಅವನ್ನು ವಸ್ತುವಿನಿಂದ ನೆರಳಿನ ಕಡೆಗೆ, ಕೆಳಕ್ಕೆ ಬಿಡಬೇಕು. ಅವು ಕೂಡುವುದು ಫೋಟೋ ತೆಗೆದವರ ತಲೆಯ ನೆರಳು ಬೀಳುವ ಜಾಗದಲ್ಲಿ. ಇದು ಗೊತ್ತಿಲ್ಲದೆ ಗೆರೆಗಳು ಚೆಲ್ಲಾಪಿಲ್ಲಿಯಾದವೆಂದು ಒಳ್ಳೆಯ ಫೋಟೋವನ್ನು ದೂರುವವರಿದ್ದಾರೆ. ಫೋನಿನ 0.5x ಅಗಲ ಕಣ್ಣಿನಿಂದ ತೆಗೆದ ಫೋಟೋದಲ್ಲಿ ಅಂಚಿನ ಕಡೆ ನೇರ ಗೋಡೆಗಳೇ ಬಾಗಿ ಕಾಣಬಹುದು; ಹಾಗಿದ್ದರೆ ಅಂಚಿನ ಜೋಡಿಗಳನ್ನು ಬಿಟ್ಟು ನಡುವಿನವನ್ನು ಮಾತ್ರ ಬಳಸಿ.

ನಾಲ್ಕನೆಯ ಹೆಜ್ಜೆ: ಹೇಳಿದ ಹೊತ್ತಿಗೆ ನೆರಳು ಒಪ್ಪುತ್ತದೆಯೇ

ಕಳಿಸಿದವರು ಜಾಗ, ದಿನ, ಹೊತ್ತು ಮೂರನ್ನೂ ಹೇಳಿದ್ದಾರೆ. ಅದನ್ನೇ ಹಿಡಿದು ಸೂರ್ಯನ ಎತ್ತರವನ್ನು ಸನ್‌ಕ್ಯಾಲ್ಕ್‌ನಂಥ ತಾಣದಲ್ಲಿ ನೋಡಬಹುದು. ಜಮಖಂಡಿಯಲ್ಲಿ ಜನವರಿ 20ರ ಸಂಜೆ 5ಕ್ಕೆ ಸೂರ್ಯ ನೆಲದಿಂದ ಸುಮಾರು 16 ಡಿಗ್ರಿ ಮೇಲೆ, ನೈಋತ್ಯಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ಇರುತ್ತಾನೆ. ಆ ಹೊತ್ತಿಗೆ ಸಪಾಟು ನೆಲದ ಮೇಲೆ ನೆರಳು ವಸ್ತುವಿನ ಎತ್ತರದ ಸುಮಾರು 3.4 ಪಟ್ಟು. ಸೈಲೆನ್ಸರ್ ತುದಿ ನೆಲದಿಂದ 2.2 ಮೀಟರ್ ಇದ್ದರೆ ನೆರಳು ಏಳೂವರೆ ಮೀಟರ್ ಉದ್ದ ಚಾಚಬೇಕು; ನಮ್ಮ ಫೋಟೋದಲ್ಲಿ ಅದರ ತುದಿ ಬಲ ಅಂಚಿನಾಚೆ, ಕಾಣದ ಹಾಗೆ ಬೀಳಬೇಕಿತ್ತು. ಕಾಣುತ್ತಿರುವ ನೆರಳು ಎತ್ತರದ 1.2 ಪಟ್ಟು ಮಾತ್ರ. ಅದಕ್ಕೆ ಸೂರ್ಯ 40 ಡಿಗ್ರಿ ಮೇಲಿರಬೇಕು. ಅದೇ ದಿನದ ಲೆಕ್ಕದಲ್ಲಿ ಅದು ಬೆಳಿಗ್ಗೆ ಹತ್ತೂಕಾಲರ ನಂತರ ಸ್ವಲ್ಪ ಹೊತ್ತಿಗೆ, ಇಲ್ಲವೇ ಮಧ್ಯಾಹ್ನ ಮೂರರ ಸುಮಾರಿಗೆ ಸಿಗುವ ಬಿಸಿಲು.

ಗಡಿಯಾರದ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂದು ಬಾಯಿಲೆಕ್ಕ ಹಾಕಬೇಡಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಜಮಖಂಡಿ ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿದೆ. ಜನವರಿ 20ರಂದು ಅಲ್ಲಿ ನಿಜವಾದ ನಡುಹಗಲು 12.40ರ ಸುಮಾರಿಗೆ. ಇನ್ನೊಂದು ತಪ್ಪು ಬೇಸಿಗೆಯಲ್ಲಿ ಆಗುತ್ತದೆ. ನಡುಹಗಲ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆಂದು ನಂಬಿದವರು ಮೇ ತಿಂಗಳ ಫೋಟೋ ನೋಡಿ ಗಾಬರಿಯಾಗುತ್ತಾರೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಲ್ಲಿ ಸೂರ್ಯ ಮೇ ಮೊದಲ ವಾರದ ಸುಮಾರಿಗೆ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ ಮೊದಲ ವಾರದ ಸುಮಾರಿಗೆ ಮರಳುತ್ತಾನೆ. ಆ ಮೂರು ತಿಂಗಳು ನಡುಹಗಲ ನೆರಳು ದಕ್ಷಿಣಕ್ಕೇ ಬೀಳುತ್ತದೆ, ಅದೂ ತೀರ ಗಿಡ್ಡಗೆ.

ನೆರಳಿನ ಅಂಚನ್ನೂ ನೋಡಿ

ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಆದ್ದರಿಂದ ನೆರಳು ಬೀಳಿಸುವ ಅಂಚಿನಿಂದ ನೆಲ ದೂರವಾದಂತೆಲ್ಲ ನೆರಳಿನ ಅಂಚು ಮಸುಕಾಗುತ್ತದೆ. ಟೈರು ನೆಲ ಮುಟ್ಟುವಲ್ಲಿ ಅಂಚು ಚಾಕುವಿನಂತೆ ಇರಬೇಕು. ಸೈಲೆನ್ಸರ್ ತುದಿಯಿಂದ ಹೊರಟ ಕಿರಣ ಸಂಜೆ ಐದಕ್ಕೆ ನೆಲ ಸೇರಲು ಸುಮಾರು 7.8 ಮೀಟರ್ ಸಾಗುತ್ತದೆ. ಅಲ್ಲಿ ಮಸುಕು ಕಿರಣಕ್ಕೆ ಅಡ್ಡವಾಗಿ 7 ಸೆಂಟಿಮೀಟರ್, ನೆರಳಿನ ಉದ್ದಕ್ಕೆ ನೆಲದ ಮೇಲೆ ಹರಡಿ 25 ಸೆಂಟಿಮೀಟರ್ ಆಗುತ್ತದೆ. ಕೈಯಿಂದ ಬಳಿದ ನೆರಳಿನಲ್ಲಿ ಈ ಏರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಟೈರಿನ ಬುಡದಿಂದ ತುದಿಯವರೆಗೆ ಒಂದೇ ಬ್ರಷ್ಷಿನ ಒಂದೇ ಮಸುಕು. ಟೈರಿಗೂ ನೆಲಕ್ಕೂ ನಡುವೆ ಒಂದು ಬೆಳಕಿನ ಎಳೆ ಉಳಿದು ಗಾಡಿ ತೇಲುತ್ತಿರುವಂತೆ ಕಾಣುವುದೂ ಇಂಥ ಕಡೆಯೇ.

ಮೋಡ ಕವಿದ ದಿನದ ಫೋಟೋ ಆದರೆ ಈ ಮೂರನೆಯ, ನಾಲ್ಕನೆಯ ಹೆಜ್ಜೆಗಳು ನಡೆಯುವುದಿಲ್ಲ. ಹಾಗೆಯೇ ರಾತ್ರಿ ಅಂಗಳದಲ್ಲಿ ಎರಡು ಬಲ್ಬು ಉರಿಯುತ್ತಿದ್ದರೆ ಎರಡು ಬಿಂದು ಸಿಗುವುದು ಸಹಜ, ಅದರಲ್ಲಿ ಮೋಸವಿಲ್ಲ.

ಸಂಶಯ ಗಟ್ಟಿಯಾದ ಮೇಲೆ

ನಂಬರ್ ಪ್ಲೇಟ್ ಓದಲು ಬಂದರೆ ಪರಿವಾಹನ್ ತಾಣದಲ್ಲಿ ನೋಡಿ. KA-48 ಎಂದರೆ ಜಮಖಂಡಿ, KA-29 ಬಾಗಲಕೋಟೆ, KA-28 ವಿಜಯಪುರ, KA-22 ಬೆಳಗಾವಿ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೂಲ ಫೈಲು ಮತ್ತು ಹ್ಯಾಶ್ ಕೈಯಲ್ಲಿರಲಿ.

ದುಡ್ಡು ಹೋಗಿಲ್ಲವೆಂದರೆ ವಾದಕ್ಕೆ ಇಳಿಯುವ ಬದಲು ಇನ್ನೊಂದು ಫೋಟೋ ಕೇಳುವುದು ಸುಲಭ. ಬಿಸಿಲಿರುವಾಗ ಸೈಲೆನ್ಸರ್ ಪಕ್ಕ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಕೋಲಿನ ನೆರಳೂ ಗಾಡಿಯ ನೆರಳೂ ಪೂರ್ತಿ ಕಾಣುವಂತೆ, ಸೂರ್ಯ ಬದಿಗೆ ಬರುವ ಹಾಗೆ ನಿಂತು ತೆಗೆದು, ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳಿ. ಗಾಡಿ ಅಂಗಳದಲ್ಲಿದ್ದರೆ ಅದು ಎರಡು ನಿಮಿಷದ ಕೆಲಸ. ಫೋಟೋ ಬಂದರೆ ಕೋಲಿನ ತುದಿಯಿಂದ ಒಂದು ಗೆರೆ, ಸೈಲೆನ್ಸರ್ ತುದಿಯಿಂದ ಒಂದು ಗೆರೆ, ದೂರದ ಯಾವುದಾದರೂ ಕಂಬದಿಂದ ಒಂದು ಗೆರೆ ಎಳೆದು ನೋಡಿ.